ಹಂದಿ ರಕ್ತ, ಯೂರಿನ್ ಬ್ಯಾಗ್, ಮಡಿಕೇರಿಯ ಗಾಳಿ: ಆಕ್ಸಿಜನ್ ಕರ್ವ್ ಸರಿಸಿದ ನನ್ನ ಅನುಭವ

ರಕ್ತದ ಹೀಮೊಗ್ಲೋಬಿನ್ ಅರ್ಧ ತುಂಬುವ ಆಕ್ಸಿಜನ್ ಒತ್ತಡ, ಅಂದರೆ ಪಿ50, ಅಳೆಯೋಕೆ ಮೂರು ಗ್ಯಾಸ್ ಸಿಲಿಂಡರ್ ಬೇಕು, ರಕ್ತವನ್ನು ಗ್ಯಾಸಿನ ಜೊತೆ ಹೊಂದಿಸುವ ಒಂದು ದೊಡ್ಡ ಟೋನೋಮೀಟರ್ ಬೇಕು, ಮಡಿಕೇರಿಯಂಥ ಊರಲ್ಲಿ ಇದೆಲ್ಲ ಆಗೋದಲ್ಲ ಅಂತ ನನಗೆ ಹೇಳದವರೇ ಇಲ್ಲ. ಈಗ ನಮ್ಮ ಫಿಸಿಯಾಲಜಿ ಲ್ಯಾಬಿನಲ್ಲಿ ಕಾರ್ಬನ್ ಡೈಆಕ್ಸೈಡ್, ಆಮ್ಲ, ಶಾಖ ಈ ಮೂರೂ ಆಕ್ಸಿಜನ್ ಕರ್ವನ್ನು ಬಲಕ್ಕೆ ತಳ್ಳುವುದನ್ನು, ಅಂದರೆ ಹೀಮೊಗ್ಲೋಬಿನ್ನಿನ ಹಿಡಿತ ಸಡಿಲಿಸಿ ಪಿ50 ಏರಿಸುವುದನ್ನು, ಒಂದೇ ದಿನದಲ್ಲಿ ತೋರಿಸುತ್ತೇನೆ. ಹುಡುಗರು ಪುಸ್ತಕದ ಚಿತ್ರ ನೋಡಿ ನಂಬಬೇಕಾಗಿಲ್ಲ. ಮೀಟರಿನ ಮುಳ್ಳೇ ಹೇಳುತ್ತದೆ.

ವಿಧಾನ ಹಳೆಯದು, ನಿಮಗೆಲ್ಲ ಗೊತ್ತಿರುವುದೇ. ಒಂದು ಪಾಲು ರಕ್ತಕ್ಕೆ ಪೂರ್ತಿ ಆಕ್ಸಿಜನ್ ತುಂಬಿಸುವುದು, ಇನ್ನೊಂದು ಪಾಲಿನಿಂದ ಪೂರ್ತಿ ತೆಗೆಯುವುದು, ಎರಡನ್ನೂ ಗಾಳಿ ತಾಗದಂತೆ ಸಮಸಮ ಬೆರೆಸುವುದು. ಬೆರೆತದ್ದು ಅರ್ಧ ತುಂಬಿದ ರಕ್ತ. ಅದರ ಆಕ್ಸಿಜನ್ ಒತ್ತಡವೇ ಪಿ50. ಹೇಳೋಕೆ ಎರಡು ಮಾತು, ಮಾಡೋಕೆ ನನಗೆ ಎರಡು ಮಳೆಗಾಲ ಹಿಡಿಯಿತು.

ಮೊದಲು ರಕ್ತ. ಅವಧಿ ಮೀರಿದ ಬ್ಲಡ್ ಬ್ಯಾಗ್ ಇದಕ್ಕೆ ಬೇಡವೇ ಬೇಡ. ಇಟ್ಟ ರಕ್ತದಲ್ಲಿ ಆಕ್ಸಿಜನ್ ಹಿಡಿತ ಸಡಿಲಿಸುವ ಡಿಪಿಜಿ ಇಳಿದುಹೋಗಿರುತ್ತದೆ, ಕರ್ವ್ ಆಗಲೇ ಎಡಕ್ಕೆ ಓಡಿರುತ್ತದೆ, ಸಾಲದ್ದಕ್ಕೆ ಸಿಟ್ರೇಟ್ ಬೇರೆ. ಕೊಡಗಿನಲ್ಲಿ ಇದಕ್ಕೆ ಸುಲಭ ಉತ್ತರ ಇದೆ, ಅಲ್ವಾ? ಪಂದಿ ಕಡಿಯುವಲ್ಲಿಗೆ ಬೆಳಿಗ್ಗೆ ಆರಕ್ಕೆ ಹೆಪಾರಿನ್ ಹಾಕಿದ ಬಾಟಲಿ ಹಿಡಿದು ಹೋದರೆ ಆಯಿತು. "ಇಷ್ಟು ಸಾಕಾ ಸಾರ್, ಇನ್ನೂ ಬೇಕಾ?" ಅಂತ ಕೇಳುತ್ತಾರೆ, ದುಡ್ಡು ತಗೊಳ್ಳುವುದಿಲ್ಲ. ಹಂದಿಯ ಕೆಂಪುಕಣದಲ್ಲಿ ನಮ್ಮ ಹಾಗೆಯೇ ಡಿಪಿಜಿ ಜಾಸ್ತಿ. ಆಡು, ಕುರಿ, ದನದ ಕಣಗಳಲ್ಲಿ ಅದು ತೀರಾ ಕಡಿಮೆ. ಒಂದೇ ವ್ಯತ್ಯಾಸ ಏನೆಂದರೆ ಹಂದಿಯ ಪಿ50 ಮನುಷ್ಯರದಕ್ಕಿಂತ ಮೇಲಿದೆ. ನಮ್ಮದು 27 ಮಿಲಿಮೀಟರ್ ಪಾದರಸದ ಆಸುಪಾಸು, ನನ್ನ ಹಂದಿಗಳದ್ದು 35ರ ಸುತ್ತ. ಹೆಪಾರಿನ್ ಬಾಟಲಿಯ ಗೋಡೆಗೆ ಸವರುವಷ್ಟಿದ್ದರೆ ಸಾಕು. ರಕ್ತವನ್ನು ಐಸಿನಲ್ಲಿಟ್ಟು ಅವತ್ತೇ ಮುಗಿಸಬೇಕು. ಹೊರಗಿಟ್ಟರೆ ಕಣಗಳು ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ, ನೀವು ಶುರು ಮಾಡುವ ಮೊದಲೇ ಪಿಹೆಚ್ ಇಳಿದಿರುತ್ತದೆ.

ಒಮ್ಮೆ ಕುತೂಹಲಕ್ಕೆ ಕೋಳಿ ರಕ್ತ ಹಾಕಿ ನೋಡಿದೆ. ಅದರ ಕೆಂಪುಕಣಕ್ಕೆ ನ್ಯೂಕ್ಲಿಯಸ್ ಜೊತೆಗೆ ಮೈಟೋಕಾಂಡ್ರಿಯವೂ ಇದೆ, ಕಣವೇ ಕೂತು ಆಕ್ಸಿಜನ್ ಉಸಿರಾಡುತ್ತದೆ. ಮುಳ್ಳು ನಿಲ್ಲುವುದೇ ಇಲ್ಲ, ಇಳಿಯುತ್ತಲೇ ಹೋಗುತ್ತದೆ. ಹುಡುಗರಿಗೆ ತಮಾಷೆ, ಪಿ50ಗೆ ಪ್ರಯೋಜನ ಇಲ್ಲ.

ಆಮೇಲೆ ರಕ್ತದ ಆಕ್ಸಿಜನ್ ತೆಗೆಯಲು ನೈಟ್ರೋಜನ್. ಮೈಸೂರಿನಿಂದ ಮಿಕ್ಸ್ ಮಾಡಿದ ಗ್ಯಾಸ್ ತರಿಸಲು ಬಾಡಿಗೆ, ರೆಗ್ಯುಲೇಟರ್, ಸಾಗಾಟ ಸೇರಿ ನಲವತ್ತು ಸಾವಿರದ ಮೇಲೆ ಹೇಳಿದರು. ಟೈರ್ ಅಂಗಡಿಯಲ್ಲಿ ನೈಟ್ರೋಜನ್ ಹಾಕ್ತಾರಲ್ಲ, ಅದನ್ನೇ ಒಂದು ಟ್ಯೂಬಿಗೆ ತುಂಬಿಸಿಕೊಂಡು ಬಂದೆ. ಆ ಮಷೀನು ಗಾಳಿಯಿಂದ ಆಕ್ಸಿಜನ್ ಸೋಸಿ ತೆಗೆಯುತ್ತದೆ, ಪೂರ್ತಿ ತೆಗೆಯುವುದಿಲ್ಲ. ನಾನು ತಂದದ್ದರಲ್ಲಿ ಶೇಕಡಾ 5ರಷ್ಟು ಉಳಿದಿತ್ತು. ಇಲ್ಲಿನ ಒತ್ತಡದಲ್ಲಿ ಅದು ಸುಮಾರು 30 ಮಿಲಿಮೀಟರ್. ಹಂದಿ ರಕ್ತ ಅಷ್ಟರಲ್ಲೇ ಶೇಕಡಾ 40ರಷ್ಟು ತುಂಬಿಕೊಂಡುಬಿಡುತ್ತದೆ. ಖಾಲಿ ಪಾಲು ಅಂತ ಕರೆಯುವುದಾದರೂ ಹೇಗೆ? ಟೈರಿಗೆ ಸರಿ, ರಕ್ತಕ್ಕೆ ಅಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ದನದ ಡಾಕ್ಟರ ಹತ್ತಿರ. ಕೃತಕ ಗರ್ಭಧಾರಣೆಯ ಸ್ಟ್ರಾ ಇಡುವ ಪಾತ್ರೆಯಲ್ಲಿ ದ್ರವ ನೈಟ್ರೋಜನ್ ಇರುತ್ತದಲ್ಲ, ಸಣ್ಣ ಕ್ಯಾನಿನಲ್ಲಿ ಒಂದು ಲೀಟರ್ ಕೊಟ್ಟರು. ಅದು ಕುದಿದು ಬರುವ ಗ್ಯಾಸು ಶುದ್ಧ. ಕಿಟಕಿ ತೆಗೆದಿಡಿ, ಕ್ಯಾನಿನ ಬಾಯಿ ಬಿಗಿಯಾಗಿ ಮುಚ್ಚಬೇಡಿ, ಸಿಡಿಯುತ್ತದೆ. ಕಾರ್ಬನ್ ಡೈಆಕ್ಸೈಡಿಗೆ ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ ಸಾಕು. ಆಮ್ಲದ ಹನಿ ಜೊತೆಗೆ ಬರದಂತೆ ಗ್ಯಾಸನ್ನು ಒಮ್ಮೆ ಅಡುಗೆ ಸೋಡಾ ಕರಗಿಸಿದ ನೀರಿನೊಳಗೆ ಹಾಯಿಸಿ ತಗೊಳ್ಳಿ.

ಇವನ್ನು ಬೆರೆಸುವುದು ಎರಡು ಲೀಟರಿನ ಯೂರಿನ್ ಬ್ಯಾಗಿನಲ್ಲಿ, ಅರವತ್ತು ಮಿಲಿ ಸಿರಿಂಜಿನಿಂದ ಎಣಿಸಿ ಹಾಕಿ. ಇಲ್ಲೇ ಮಡಿಕೇರಿಯ ಆಟ ಶುರು. ಮ್ಯಾನ್ಯುಯಲ್ಲುಗಳಲ್ಲಿ ಶೇಕಡಾ 5.6 ಕಾರ್ಬನ್ ಡೈಆಕ್ಸೈಡ್ ಅಂತ ಇರುತ್ತದೆ, ಅದು 40 ಮಿಲಿಮೀಟರ್ ಕೊಡುತ್ತದೆ ಅಂತ. ಅದು ಸಮುದ್ರ ಮಟ್ಟದ ಲೆಕ್ಕ. ಇಲ್ಲಿ ಗಾಳಿಯ ಒತ್ತಡ 760 ಅಲ್ಲ, 665ರ ಹತ್ತಿರ. ನೀರಾವಿಯ 47 ಕಳೆದರೆ ಉಳಿಯುವುದು 618. ಅದರಲ್ಲಿ ಶೇಕಡಾ 5.6 ಹಾಕಿದರೆ 35 ಕೂಡ ಆಗುವುದಿಲ್ಲ. ಪಿಹೆಚ್ ಮೇಲೇರುತ್ತದೆ, ಕರ್ವ್ ಸದ್ದಿಲ್ಲದೆ ಎಡಕ್ಕೆ ಜಾರುತ್ತದೆ. ಇಲ್ಲಿ ಬೇಕಾದ್ದು ಶೇಕಡಾ 6.5. ಅಂದರೆ ಒಂದು ಲೀಟರ್ ನೈಟ್ರೋಜನ್ನಿಗೆ 70 ಮಿಲಿ. ತುಂಬಿದ ಪಾಲಿಗೆ ನೈಟ್ರೋಜನ್ ಬದಲು ಬರೀ ಗಾಳಿ, ಕಾರ್ಬನ್ ಡೈಆಕ್ಸೈಡ್ ಅದೇ 70 ಮಿಲಿ. ಮಂಗಳೂರಿನ ಗೆಳೆಯರೊಬ್ಬರು ನನ್ನ ಅಂಕಿ ನೋಡಿ "ಎಲ್ಲಾ ತಪ್ಪು ಮಾರಾಯ್ರೆ" ಅಂದಿದ್ದರು. ಅವರು 760 ಹಾಕಿ ಲೆಕ್ಕ ಮಾಡಿದ್ದರು, ಅಷ್ಟೇ. ಒತ್ತಡ ನೋಡಲು ಹವಾಮಾನದ ಆ್ಯಪ್ ನಂಬಬೇಡಿ, ಅದು ಸಮುದ್ರ ಮಟ್ಟಕ್ಕೆ ತಿದ್ದಿದ ಅಂಕಿ ಕೊಡುತ್ತದೆ. ಫೋನಿನ ಒಳಗಿನ ಬ್ಯಾರೋಮೀಟರ್ ತೋರಿಸುವ 885 ಹೆಕ್ಟೊಪಾಸ್ಕಲ್ಲೇ ನಿಜವಾದದ್ದು.

ತುಂಬಿದ ಪಾಲಿಗೆ ಶುದ್ಧ ಆಕ್ಸಿಜನ್ ಹಾಕಿದರೆ ಇನ್ನೂ ಚೆನ್ನಲ್ವಾ ಅಂತ ಹಲವರು ಕೇಳಿದರು. ಚೆನ್ನಲ್ಲ. ಆಗ ಪ್ಲಾಸ್ಮಾದಲ್ಲಿ ಕರಗಿದ ಆಕ್ಸಿಜನ್ನೇ ಶೇಕಡಾ ಹತ್ತರಷ್ಟು ಹೆಚ್ಚುವರಿ ಆಗುತ್ತದೆ, ಬೆರೆಸಿದಾಗ ಅದೂ ಹೀಮೊಗ್ಲೋಬಿನ್ನಿಗೆ ಹೋಗಿ ಕೂರುತ್ತದೆ, ನಿಮ್ಮ 50 ಅನ್ನುವುದು 55ರ ಹತ್ತಿರ ಹೋಗುತ್ತದೆ. ಗಾಳಿಯಲ್ಲಾದರೆ ಹೀಮೊಗ್ಲೋಬಿನ್ ಮೂರೂವರೆ ಶೇಕಡಾ ಖಾಲಿ ಉಳಿದರೂ ಕರಗಿದ್ದು ಎರಡು ಶೇಕಡಾ ತುಂಬಿಕೊಡುತ್ತದೆ. ಬಹುಪಾಲು ಒಂದಕ್ಕೊಂದು ಸರಿಹೋಗುತ್ತದೆ.

ಐವತ್ತು ಮಿಲಿ ಸಿರಿಂಜಿಗೆ ಆರು ಮಿಲಿ ರಕ್ತ, ಉಳಿದದ್ದು ಗ್ಯಾಸು. ಬಿಸಿನೀರ ತೊಟ್ಟಿಯೊಳಗೆ ಅಡ್ಡ ಮಲಗಿಸಿ ಮೆಲ್ಲಗೆ ಉರುಳಿಸಬೇಕು, ಗೋಡೆಗೆ ತೆಳುವಾಗಿ ರಕ್ತ ಹರಡಬೇಕು. ಕುಲುಕಿದರೆ ನೊರೆ ಬರುತ್ತದೆ, ಕಣ ಒಡೆಯುತ್ತದೆ. ಐದು ನಿಮಿಷಕ್ಕೊಮ್ಮೆ ಗ್ಯಾಸ್ ಬದಲಿಸಿ, ನಾಲ್ಕೈದು ಸಲ. ತೊಟ್ಟಿ ಅಂದರೆ ಮೀನಿನ ಥರ್ಮೋಕೋಲ್ ಪೆಟ್ಟಿಗೆ, ಮರಿ ಮಾಡುವ ಇನ್‌ಕ್ಯುಬೇಟರಿನ ಥರ್ಮೋಸ್ಟಾಟ್. ಬ್ಯಾಗಿನ ಪ್ಲಾಸ್ಟಿಕ್ಕು ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಬಿಟ್ಟುಕೊಡುತ್ತದೆ, ಹಾಗಾಗಿ ಗಂಟೆಯೊಳಗೆ ಮುಗಿಸಿ.

ಈಗ ಮುಖ್ಯ ವಿಷಯ. ಅಳೆಯುವುದು ಯಾವುದರಲ್ಲಿ? ಎಲ್ಲರೂ ಆಸ್ಪತ್ರೆಯಲ್ಲಿ ರಕ್ತದ ಗ್ಯಾಸು, ಪಿಹೆಚ್ ಅಳೆಯುವ ಎಬಿಜಿ ಮಷೀನು ಅನ್ನುತ್ತಾರೆ. ಒಂದೊಂದು ಸ್ಯಾಂಪಲ್ಲಿಗೆ ಐನೂರು ಆರುನೂರು ಬೀಳುತ್ತದೆ, ಅದು ಇರಲಿ. ಹಲವು ಮಷೀನುಗಳ ಸ್ಯಾಚುರೇಶನ್ ಕಾಲಂ ಅಳೆದದ್ದೇ ಅಲ್ಲ, ಮನುಷ್ಯರ ಕರ್ವನ್ನು ಇಟ್ಟುಕೊಂಡು ಲೆಕ್ಕ ಹಾಕಿದ್ದು. ಕರ್ವ್ ಎಲ್ಲಿದೆ ಅಂತ ಹುಡುಕುವವರು ಆ ಕಾಲಮ್ಮನ್ನು ನೋಡಿ ಏನು ಪ್ರಯೋಜನ? ಶಾಖದ ವಿಷಯದಲ್ಲಂತೂ ಇನ್ನೂ ಮೋಸ. 41 ಡಿಗ್ರಿಯಲ್ಲಿ ಬೆರೆಸಿದ ರಕ್ತವನ್ನು ಮಷೀನಿಗೆ ಕೊಟ್ಟರೆ ಅದು 37ಕ್ಕೆ ತಂದು ಅಳೆಯುತ್ತದೆ. ಗಾಳಿ ತಾಗದಿದ್ದರೆ ರಕ್ತ ಅರ್ಧ ತುಂಬಿದ್ದು ಹಾಗೇ ಇರುತ್ತದೆ, ತಣ್ಣಗಾದಾಗ ಒತ್ತಡ ಇಳಿದು 37ರ ಪಿ50ಗೇ ಬಂದು ನಿಲ್ಲುತ್ತದೆ. ಶಾಖ ಏನೂ ಮಾಡಲಿಲ್ಲ ಅನ್ನಿಸುತ್ತದೆ. 41 ಅಂತ ಟೈಪ್ ಮಾಡಿದರೆ ಬರುವ ಅಂಕಿ ಬರೀ ಸೂತ್ರದ್ದು. ನಮ್ಮ ಹಿರಿಯ ಮೇಷ್ಟ್ರು ಒಬ್ಬರು ಇದನ್ನು ಒಪ್ಪಲು ಬಹಳ ದಿನ ತಗೊಂಡರು. ಅವರ ಮುಂದೆಯೇ 33, 37, 41ರಲ್ಲಿ ಬೆರೆಸಿ ಕೊಟ್ಟೆ. ಮೂರೂ ಒಂದೇ ಅಂಕಿ ಬಂತು.

ನಾನು ಬಳಸಿದ್ದು ಮೀನು ಸಾಕುವವರು ನೀರಿನಲ್ಲಿ ಕರಗಿದ ಆಕ್ಸಿಜನ್ ನೋಡುವ ಡಿಓ ಮೀಟರ್, ಹಳೆಯದು, ಮೂರೂವರೆ ಸಾವಿರಕ್ಕೆ ಸಿಕ್ಕಿತು. ಅದರ ಪ್ರೋಬನ್ನು 20 ಮಿಲಿ ಸಿರಿಂಜಿನ ಕೊಳವೆಗೆ ಕೂರಿಸಿ, ಕಲಕಲು ಸೈಕಲ್ ಬಾಲ್ ಹಾಕಿ, ಇಡೀ ಸಿರಿಂಜನ್ನು ತೊಟ್ಟಿಯಲ್ಲೇ ಮುಳುಗಿಸಿಟ್ಟೆ. ಪ್ರೋಬಿನ ಸುತ್ತ ಸೋರದಂತೆ ಮಾಡಿದ್ದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ರಬ್ಬರ್ ರಿಂಗು, ಎಂ-ಸೀಲು, ಎರಡೂ ಕೈಕೊಟ್ಟವು ಅಂತ ಮಾತ್ರ ಹೇಳುತ್ತೇನೆ. ಮೀಟರನ್ನು ಶೇಕಡಾ ಮೋಡಿನಲ್ಲೇ ಓದಬೇಕು. ಮಿಲಿಗ್ರಾಂ ಮೋಡು ನೀರಿನ ಲೆಕ್ಕ. ಸೊನ್ನೆಗೆ ಸೋಡಿಯಂ ಸಲ್ಫೈಟ್ ನೀರು, ನೂರಕ್ಕೆ ಅದೇ ಶಾಖದ ಗಾಳಿ ತುಂಬಿದ ನೀರು. ಶಾಖ ಬದಲಿಸಿದಾಗಲೆಲ್ಲ ಮತ್ತೆ ಹೊಂದಿಸಬೇಕು. ಇಲ್ಲಿ 37ರಲ್ಲಿ ನೂರು ಅಂದರೆ 129 ಮಿಲಿಮೀಟರ್. 41ರಲ್ಲಿ ನೀರಾವಿ 58 ಆಗುವುದರಿಂದ 127.

ಐದು ಮಿಲಿ ಖಾಲಿ, ಐದು ಮಿಲಿ ತುಂಬಿದ್ದು. ಖಾಲಿ ಪಾಲನ್ನು ಮೊದಲು ಬಿಟ್ಟಾಗ ಮುಳ್ಳು ಶೇಕಡಾ ಒಂದರ ಕೆಳಗಿರಬೇಕು, ಇಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ಸಣ್ಣ ಗುಳ್ಳೆಯನ್ನೂ ಬಿಡಬೇಡಿ. 0.1 ಮಿಲಿ ಗಾಳಿ ಸೇರಿದರೆ ಪಿ50 ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಸುಳ್ಳು ಹೇಳುತ್ತದೆ. ಎರಡು ನಿಮಿಷದಲ್ಲಿ ಮುಳ್ಳು ನಿಲ್ಲುತ್ತದೆ.

ಒಂದು ಒಳ್ಳೆಯ ದಿನದ ಅಂಕಿ ನೆನಪಿನಿಂದ ಹೇಳುತ್ತೇನೆ. 37 ಡಿಗ್ರಿ, ಶೇಕಡಾ 6.5ರ ಗ್ಯಾಸು, ಪಿಹೆಚ್ 7.4: ಮುಳ್ಳು 27ಕ್ಕೆ ನಿಂತಿತು. 129ರಲ್ಲಿ ಶೇಕಡಾ 27, ಅಂದರೆ 35. ಆಮೇಲೆ ಲೀಟರಿಗೆ 150 ಮಿಲಿ ಕಾರ್ಬನ್ ಡೈಆಕ್ಸೈಡ್ ಹಾಕಿದೆ, ಅಂದರೆ ಶೇಕಡಾ 13, ಒತ್ತಡ 80. ಪಿಹೆಚ್ 7.2ಕ್ಕೆ ಇಳಿಯಿತು, ಮುಳ್ಳು 33 ದಾಟಿತು, ಪಿ50 43. ಮೂರನೆಯದು, ಮತ್ತೆ 6.5ರ ಗ್ಯಾಸು, ಶಾಖ 41. ಮುಳ್ಳು ಮತ್ತೆ ಅದೇ 33ರ ಸುತ್ತ, ಪಿ50 42. ಹುಡುಗರು ಮೀಟರ್ ಕೆಟ್ಟಿದೆ ಅಂದರು. ಕೆಟ್ಟಿಲ್ಲ. ಮನುಷ್ಯರ ರಕ್ತಕ್ಕೆ ಬಳಸುವ ಗುಣಕಗಳನ್ನೇ ತೆಗೆದುಕೊಳ್ಳಿ. ಪಿ50ಯ ಲಾಗರಿದಮ್ ಪಿಹೆಚ್ ಒಂದು ಇಳಿದರೆ 0.48, ಶಾಖ ಒಂದು ಡಿಗ್ರಿ ಏರಿದರೆ 0.024 ಹೆಚ್ಚುತ್ತದೆ. 0.2 ಪಿಹೆಚ್ ಇಳಿದರೂ 0.096, 4 ಡಿಗ್ರಿ ಏರಿದರೂ 0.096. ಎರಡಕ್ಕೂ ಪಿ50 ಸುಮಾರು 1.25 ಪಟ್ಟು. ಓಡಿ ಬಿಸಿಯಾದ ಮಾಂಸಖಂಡದಲ್ಲಿ ಎರಡೂ ಒಟ್ಟಿಗೆ ಸೇರಿದರೆ ಒಂದೂವರೆ ಪಟ್ಟು ದಾಟುತ್ತದೆ.

ಆಮ್ಲದ ಪಾಲನ್ನು ಬೇರೆ ಮಾಡುವುದು ಸೂಕ್ಷ್ಮ ಕೆಲಸ. 10 ಮಿಲಿ ರಕ್ತಕ್ಕೆ ಸಲೈನಿನಲ್ಲಿ ಮಾಡಿದ 0.1 ನಾರ್ಮಲ್ ಲ್ಯಾಕ್ಟಿಕ್ ಆಮ್ಲ ಒಂದು ಮಿಲಿ, ಹನಿಹನಿಯಾಗಿ. ಗಟ್ಟಿ ಆಮ್ಲ ಬಿದ್ದ ಜಾಗದಲ್ಲಿ ಕಣ ಒಡೆದು ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ, ಅದನ್ನು ಚೆಲ್ಲಬೇಕು. ಆಮ್ಲ ಬೈಕಾರ್ಬನೇಟನ್ನು ಮುರಿದು ಕಾರ್ಬನ್ ಡೈಆಕ್ಸೈಡ್ ಬಿಡುವುದರಿಂದ ಗ್ಯಾಸಿನ ಉರುಳಿಸುವಿಕೆ ಇದರ ನಂತರವೇ ಆಗಬೇಕು. ಒತ್ತಡ 40ರಲ್ಲೇ ಉಳಿಸಿ ಪಿಹೆಚ್ 7.2 ಮಾಡಿದಾಗ ಪಿ50 41 ಬಂತು, ಕಾರ್ಬನ್ ಡೈಆಕ್ಸೈಡಿನಿಂದ ಅಷ್ಟೇ ಇಳಿಸಿದಾಗ ಬಂದ 43ಕ್ಕಿಂತ ಸ್ವಲ್ಪ ಕಡಿಮೆ. ಬರಬೇಕಾದ್ದು ಈ ದಿಕ್ಕಿನಲ್ಲೇ. ಕಾರ್ಬನ್ ಡೈಆಕ್ಸೈಡ್ ಪಿಹೆಚ್ ಇಳಿಸುವುದಷ್ಟೇ ಅಲ್ಲ, ಗ್ಲೋಬಿನ್ ಸರಪಳಿಯ ತುದಿಯ ಅಮೈನೊ ಗುಂಪಿಗೆ ನೇರ ಅಂಟಿಕೊಂಡೂ ಆಕ್ಸಿಜನ್ನಿನ ಹಿಡಿತ ಸಡಿಲಿಸುತ್ತದೆ. ಆದರೆ ನನ್ನ ಮೀಟರು ಒಂದು ಮಿಲಿಮೀಟರ್ ಆಚೀಚೆ ಆಡುತ್ತದೆ. ಹಾಗಾಗಿ ಈ ಎರಡರ ವ್ಯತ್ಯಾಸವನ್ನು ತರಗತಿಯಲ್ಲಿ ತೋರಿಸುತ್ತೇನೆ, ಅಂಕಿ ಬರೆದುಕೊಳ್ಳಿ ಅನ್ನುವುದಿಲ್ಲ.

ಒಟ್ಟು ಖರ್ಚು ಒಂಬತ್ತು ಸಾವಿರದ ಒಳಗೆ, ಅದರಲ್ಲಿ ಅರ್ಧ ಪಿಹೆಚ್ ನೋಡಲು ಎಬಿಜಿಗೆ ಹೋದದ್ದು. ಜುಲೈನಲ್ಲಿ ಮಾಡುವವರಿಗೆ ಒಂದು ಮಾತು: ಇಲ್ಲಿ ಕೋಣೆ 19 ಡಿಗ್ರಿಗೆ ಇಳಿಯುತ್ತದೆ, ಸಿರಿಂಜನ್ನು ತೊಟ್ಟಿಯಿಂದ ಅರ್ಧ ನಿಮಿಷ ಹೊರಗೆ ಹಿಡಿದರೂ ಮುಳ್ಳು ಕುಸಿಯುತ್ತದೆ. ಪ್ರತಿ ಸಲ ಪ್ರೋಬಿನ ಪೊರೆಯನ್ನು ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರಾದರೆ ರಕ್ತದ ಪ್ರೋಟೀನು ಅದಕ್ಕೆ ಬೆಂದು ಅಂಟಿಕೊಳ್ಳುತ್ತದೆ, ಹೊಸ ಪೊರೆಗೆ ಮುನ್ನೂರು ರೂಪಾಯಿ.