ಸೆಟಲ್‌ಮೆಂಟ್ ಸ್ಕ್ರೀನ್‌ಶಾಟ್ ಲೆಕ್ಕ ಕೊನೆಗೂ ಪೈಸೆಗೆ ಪೈಸೆ ಕೂಡಿತು: ನನ್ನ ಅನುಭವ

"ಬ್ಯಾಂಕಿಗೆ ಎಷ್ಟು ಬಂತೋ ಅಷ್ಟೇ ನಮ್ಮದು, ಮಿಕ್ಕಿದ್ದನ್ನು ಕೆದಕಿದರೆ ತಲೆ ಕೆಡುತ್ತೆ." ಆನ್‌ಲೈನ್‌ನಲ್ಲಿ ಮಾರುವವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ನನ್ನ ಲೆಕ್ಕ ನೋಡುವ ಆಡಿಟರ್ ಕೂಡ ಇದನ್ನೇ ಹೇಳಿದ್ದರು. ಆರ್ಡರ್ ಆರ್ಡರ್ ಹಿಡಿದು ಕೂಡಿಸ್ತೀನಿ ಅಂದಾಗ ನಕ್ಕರು. ಈಗ ಮೂರು ತಿಂಗಳ ಲೆಕ್ಕ ಕೂಡಿದೆ. ಅದರಲ್ಲಿ ಸಿಕ್ಕ ತಪ್ಪು ಕಡಿತಗಳಿಂದ ಹದಿನಾಲ್ಕು ಸಾವಿರದ ಹತ್ತಿರ ವಾಪಸ್ ಬಂದಿದೆ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೂ ಸಹಿಸಿಕೊಳ್ಳಿ.

ನಾನು ಮಾರುವುದು ಬೆಡ್‌ಶೀಟ್. ಶಾಪಿಂಗ್ ಸೈಟ್‌ನವರು ರಿಟರ್ನ್, ಫೀ ಎಲ್ಲ ಕಳೆದು ವಾರವಾರ ನಮಗೆ ದುಡ್ಡು ಹಾಕುವ ಲೆಕ್ಕವೇ ಸೆಟಲ್‌ಮೆಂಟ್. ಒಂದು ವಾರದ ಸೆಟಲ್‌ಮೆಂಟ್ ಸ್ಕ್ರೀನ್‌ಶಾಟ್ ಅಂದಾಜಿಗೆ ಹೀಗಿತ್ತು. ಮಾರಾಟ 84 ಸಾವಿರ, ರಿಟರ್ನ್ 19 ಸಾವಿರ ಕಡಿತ, ಕಮಿಷನ್ ಮತ್ತು ಶಿಪ್ಪಿಂಗ್ ಎಲ್ಲ ಸೇರಿ 20 ಸಾವಿರ, ಆ ಫೀಗಳ ಮೇಲೆ ಜಿಎಸ್‌ಟಿ ಮೂರೂವರೆ ಸಾವಿರ, ಸೈಟ್‌ನವರು ನಮ್ಮ ಹೆಸರಲ್ಲಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಟಿಸಿಎಸ್ ಟಿಡಿಎಸ್ ಮುನ್ನೂರು ಚಿಲ್ಲರೆ. ಕೊನೆಗೆ ಕೈಗೆ ಬರುವುದು 41 ಸಾವಿರ. ಇದನ್ನು ನೋಡಿದವರೆಲ್ಲ ಒಂದೇ ತೀರ್ಮಾನಕ್ಕೆ ಬರುತ್ತಾರೆ: ರಿಟರ್ನ್ ನೂರಕ್ಕೆ 22, ಈ ಐಟಂ ನಿಲ್ಲಿಸಿಬಿಡು.

ಆದರೆ ಆ 19 ಸಾವಿರಕ್ಕೂ ಆ 84 ಸಾವಿರಕ್ಕೂ ಸಂಬಂಧವೇ ಇಲ್ಲ. ಸ್ಕ್ರೀನ್‌ಶಾಟ್ ತೋರಿಸುವುದು ಆ ವಾರ ಯಾವ ಯಾವ ದುಡ್ಡು ಓಡಾಡಿತು ಅನ್ನುವುದನ್ನು. ಆ ವಾರ ಏನು ಮಾರಿದೆವು ಅನ್ನುವುದನ್ನಲ್ಲ. ರಿಟರ್ನ್ ಬಂದದ್ದು ಅದಕ್ಕೂ ಮುಂಚಿನ ಸೇಲ್ ವಾರದ ಮಾಲು. ಆ ಸೇಲ್‌ನಲ್ಲಿ ಇನ್ನೂರರ ಹತ್ತಿರ ಪೀಸು ಹೋಗಿದ್ದವು, ಅದರಲ್ಲಿ 24 ವಾಪಸ್ ಬಂದಿದ್ದವು. ಅಂದರೆ ನೂರಕ್ಕೆ 12. ನಮ್ಮ ವ್ಯಾಪಾರದಲ್ಲಿ ಇದು ಹೆದರುವ ಸಂಖ್ಯೆಯೇನಲ್ಲ. ಮಾರಾಟ ಇಳಿದ ವಾರದಲ್ಲಿ ಹಿಂದಿನ ವಾರದ ರಿಟರ್ನ್ ಬಂದು ಕೂತರೆ ಶೇಕಡಾವಾರು ಯಾವಾಗಲೂ ಭಯಂಕರವಾಗಿಯೇ ಕಾಣುತ್ತೆ.

ಇದಕ್ಕೂ ಮುಂಚೆ ತಿಂಗಳ ಮಾರಾಟದ ಎದುರು ತಿಂಗಳ ಜಮೆ ಇಟ್ಟು ನೋಡಿದ್ದೆ. ಒಂದು ತಿಂಗಳೂ ಕೂಡಲಿಲ್ಲ. ಆಮೇಲೆ ತಿಂಗಳಿಗೆ ಒಂದೂವರೆ ಸಾವಿರ ಕೊಟ್ಟು ಒಂದು ರೆಡಿಮೇಡ್ ಸಾಫ್ಟ್‌ವೇರ್ ಹಾಕಿದೆ. ಅದೂ ತಿಂಗಳ ಲೆಕ್ಕವನ್ನೇ ಬಣ್ಣಬಣ್ಣದ ಚಾರ್ಟ್ ಮಾಡಿ ತೋರಿಸಿತು. "ವ್ಯತ್ಯಾಸ" ಅಂತ ಕೆಂಪಕ್ಷರದಲ್ಲಿ ಬರೆಯುತ್ತಿತ್ತು. ಯಾವ ಆರ್ಡರ್‌ನಲ್ಲಿ, ಯಾಕೆ ಅನ್ನುವುದು ಮಾತ್ರ ಇಲ್ಲ. ಹತ್ತು ಸಾವಿರದಷ್ಟು ಹೋದ ಮೇಲೆ ಬಿಟ್ಟೆ.

ಕೆಲಸಕ್ಕೆ ಬಂದ ದಾರಿ ಬಹಳ ಸರಳ. ಸ್ಕ್ರೀನ್‌ಶಾಟನ್ನು ಬರೀ ಕವರ್ ಪೇಜ್ ಅಂದುಕೊಳ್ಳಿ. ಅದರ ಕೆಳಗೆ ಡೌನ್‌ಲೋಡ್ ಆಗುವ ವಿವರದ ಶೀಟ್ ಇರುತ್ತಲ್ಲ, ಅದನ್ನು ಪ್ರತಿ ವಾರ ಇಳಿಸಿ ಒಂದರ ಕೆಳಗೆ ಒಂದು ಅಂಟಿಸುತ್ತಾ ಹೋಗಿ. ವಾರ, ತಿಂಗಳು ಮರೆತುಬಿಡಿ. ಒಂದು ಆರ್ಡರ್ ನಂಬರಿಗೆ ಬಂದ ಎಲ್ಲ ಸಾಲುಗಳನ್ನು, ಯಾವ ವಾರದವೇ ಆಗಿರಲಿ, ಒಟ್ಟು ಮಾಡಿ. ರಿಟರ್ನ್ ಗಡುವು ಮುಗಿದ ಆರ್ಡರ್‌ಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಒಂದು ಆರ್ಡರ್ ಬಿಡಿಸಿ ತೋರಿಸ್ತೀನಿ. ಮಾರಿದ್ದು 799ಕ್ಕೆ. ಕಮಿಷನ್ ನೂರಕ್ಕೆ 12, ಅಂದರೆ 95.88. ಫಿಕ್ಸೆಡ್ ಫೀ 25. ಶಿಪ್ಪಿಂಗ್ 65. ಮೂರೂ ಸೇರಿ 185.88. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 33.46. ಟಿಸಿಎಸ್ ಅರ್ಧ ಪರ್ಸೆಂಟ್, ಅದೂ 5 ಪರ್ಸೆಂಟ್ ಜಿಎಸ್‌ಟಿ ತೆಗೆದ 760.95ರ ಮೇಲೆ, 3.80. ಟಿಡಿಎಸ್ 76 ಪೈಸೆ. ಕೈಗೆ ಬಂದದ್ದು 575.10. (ಟಿಸಿಎಸ್ 2024ರ ಜುಲೈ 9ರವರೆಗೆ ಒಂದು ಪರ್ಸೆಂಟ್ ಇತ್ತು, ಟಿಡಿಎಸ್ ಕೂಡ 2024ರ ಸೆಪ್ಟೆಂಬರ್ ಕೊನೆಯವರೆಗೆ ಒಂದು ಪರ್ಸೆಂಟ್ ಇತ್ತು. ಈಗ ಟಿಡಿಎಸ್ 0.1 ಪರ್ಸೆಂಟ್. ಹಳೇ ಶೀಟ್ ತೆಗೆದು ನೋಡುವವರು ಇದನ್ನು ನೆನಪಿಟ್ಟುಕೊಳ್ಳಿ.)

ಇಲ್ಲಿ ಒಂದು ಮಜಾ ಇದೆ. 799ರಲ್ಲಿ ನಾವು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿ 38.05. ಫೀ ಮೇಲೆ ಕಟ್ಟಿದ 33.46 ಇನ್‌ಪುಟ್ ಆಗಿ, ಅಂದರೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳಲು ಸಿಗುತ್ತೆ, ಟಿಸಿಎಸ್ 3.80 ಕೂಡ ನಮ್ಮ ಜಿಎಸ್‌ಟಿ ಖಾತೆಗೇ ಬರುತ್ತೆ. ಕೂಡಿಸಿದರೆ 37.26. ಹೆಚ್ಚುಕಮ್ಮಿ ಸಮ ಆಯ್ತು! ಹಾಗಾಗಿ ಈ ಬೆಲೆಯಲ್ಲಿ, ಈ ಫೀಗೆ, ಬ್ಯಾಂಕಿಗೆ ಬಂದ 575 ಅನ್ನೇ ನಮ್ಮ ದುಡ್ಡು ಅಂತ ಹಿಡಿದರೂ ನಡೆಯುತ್ತೆ. ಬಟ್ಟೆ, ಪ್ಯಾಕಿಂಗ್ ಎಲ್ಲ ಸೇರಿ ನನ್ನ ಖರ್ಚು 420. ಉಳಿದದ್ದು 155. ಬೇರೆ ಬೆಲೆಗೆ, ಬೇರೆ ತೆರಿಗೆ ದರಕ್ಕೆ ಈ ಸಮ ಆಗುವ ಆಟ ನಡೆಯಲ್ಲ, ಹುಷಾರು. ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿ ಇರುವವರಿಗೆ ಇನ್‌ಪುಟ್ಟೇ ಸಿಗಲ್ಲ, ಅವರ ಲೆಕ್ಕ ಬೇರೆ.

ಈಗ ಇದೇ ಆರ್ಡರ್ ಗಿರಾಕಿಯಿಂದ ವಾಪಸ್ ಬಂತು ಅಂತಿಟ್ಟುಕೊಳ್ಳಿ. ಎರಡು ವಾರ ಬಿಟ್ಟು, ಬೇರೆ ಸೆಟಲ್‌ಮೆಂಟ್‌ನಲ್ಲಿ, ಅದೇ ನಂಬರ್ ಮತ್ತೆ ಕಾಣಿಸುತ್ತೆ. ಮಾರಾಟದ 799 ಕಡಿತ. ಕಮಿಷನ್ 95.88 ಮತ್ತು ಅದರ ಜಿಎಸ್‌ಟಿ 17.26 ವಾಪಸ್ ಜಮೆ. ಟಿಸಿಎಸ್ 3.80 ವಾಪಸ್. ರಿವರ್ಸ್ ಶಿಪ್ಪಿಂಗ್ 110 ಮತ್ತು ಅದರ ಜಿಎಸ್‌ಟಿ 19.80 ಕಡಿತ. ಫಿಕ್ಸೆಡ್ ಫೀ, ಹೋಗುವಾಗಿನ ಶಿಪ್ಪಿಂಗ್ ಎರಡೂ ವಾಪಸ್ ಇಲ್ಲ. ನಾನು ಮಾರುವ ಕಡೆ ಹೀಗೆ, ನಿಮ್ಮಲ್ಲಿ ಬೇರೆ ಇರಬಹುದು, ರೇಟ್ ಕಾರ್ಡ್ ನೋಡಿ. ಈ ಎರಡನೇ ಸಲದ ಮೊತ್ತ ಮೈನಸ್ 811.86. ಮೊದಲ 575.10 ಜೊತೆ ಕೂಡಿಸಿದರೆ ಆ ಆರ್ಡರ್‌ನ ಅಂತಿಮ ಲೆಕ್ಕ ಮೈನಸ್ 236.76. ಅದರಲ್ಲಿ 36 ಜಿಎಸ್‌ಟಿ ಇನ್‌ಪುಟ್. ನಿಜವಾದ ನಷ್ಟ ಇನ್ನೂರು. ಮಾಲು ಚೆನ್ನಾಗಿ ವಾಪಸ್ ಬಂದರೆ ಮಾತ್ರ ಇಷ್ಟು.

ಅಂದರೆ ಮೂರು ರಿಟರ್ನ್ ಸೇರಿ ನಾಲ್ಕು ಒಳ್ಳೆ ಮಾರಾಟದ ಲಾಭವನ್ನು ನುಂಗುತ್ತವೆ. ಸ್ಕ್ರೀನ್‌ಶಾಟ್‌ನಲ್ಲಿ ಇದು ಯಾವತ್ತೂ ಕಾಣಲ್ಲ. ಅಲ್ಲಿ "ರಿಟರ್ನ್" ಸಾಲಿನಲ್ಲಿ ಬರೀ 799 ಇರುತ್ತೆ, ಹೊಡೆತ ಕೊಡುವ 110 ಹೋಗಿ ಫೀ ಸಾಲಿನೊಳಗೆ ಅಡಗಿ ಕೂತಿರುತ್ತೆ.

ಎಕ್ಸೆಲ್‌ನಲ್ಲಿ ಒಂದು ಕಾಟ ಇದೆ, ಇದನ್ನು ಯಾರೂ ಹೇಳಿರಲಿಲ್ಲ. ಆರ್ಡರ್ ನಂಬರ್ 15 ಅಂಕಿಗಿಂತ ಉದ್ದ ಇದ್ದರೆ, ಫೈಲ್ ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದ ಕೂಡಲೇ ಕೊನೆಯ ಅಂಕಿಗಳು ಸೊನ್ನೆ ಆಗಿಬಿಡುತ್ತವೆ. ಟೆಕ್ಸ್ಟ್ ಅಂತ ಇಂಪೋರ್ಟ್ ಮಾಡಬೇಕು. ಅಷ್ಟಕ್ಕೇ ಮುಗಿಯಲ್ಲ. ಟೆಕ್ಸ್ಟ್ ಆಗಿದ್ದರೂ `SUMIF` ಅದನ್ನು ಒಳಗೊಳಗೇ ಸಂಖ್ಯೆ ಮಾಡಿ ಹೋಲಿಸುತ್ತೆ. ಮೊದಲ 15 ಅಂಕಿ ಒಂದೇ ಇದ್ದರೆ ಎರಡು ಬೇರೆ ಆರ್ಡರ್‌ಗಳನ್ನು ಒಂದೇ ಅಂತ ಕೂಡಿಸಿಬಿಡುತ್ತೆ. ಯಾವುದೋ ಒಂದು ಆರ್ಡರ್‌ಗೆ ಸಾವಿರದ ನೂರೈವತ್ತು ಬಂದಂತೆ ಕಂಡರೆ ಇದೇ ಕಾರಣ. ನಂಬರಿನ ಮುಂದೆ ಒಂದು ಅಕ್ಷರ ಸೇರಿಸಿದರೆ ಕಾಟ ಹೋಯ್ತು:

```
="K"&B2
=SUMIF(Data!A:A,A2,Data!F:F)
```

ಮೊದಲನೆಯದನ್ನು `Data` ಶೀಟಿನ A ಕಾಲಂನಲ್ಲಿ ಹಾಕಿ. ಎರಡನೆಯದು ಒಟ್ಟು ಮಾಡುವ ಶೀಟಿಗೆ, ಅಲ್ಲಿ A2ರಲ್ಲಿ K ಸೇರಿದ ನಂಬರ್ ಇರಬೇಕು.

ಇಷ್ಟು ಕೂಡಿದ ಮೇಲೆ ಬೇಟೆ ಶುರು. ಒಂದೇ ಐಟಂ, ಒಂದೇ ಝೋನ್ ಫಿಲ್ಟರ್ ಹಾಕಿ, ಶಿಪ್ಪಿಂಗ್ ಫೀಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಎಲ್ಲವೂ 65 ಇರಬೇಕು. ನನ್ನಲ್ಲಿ ಮೇಲೆ ಒಂದು ಗುಂಪು 112ರದ್ದು ಎದ್ದು ನಿಂತಿತ್ತು. ಅದು ತೂಕದ ಕಿತಾಪತಿ. ಪಾರ್ಸೆಲ್ ನಿಜವಾದ ತೂಕ 700 ಗ್ರಾಂ. ಆದರೆ ಕೊರಿಯರ್‌ನವರು ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಯಾವುದು ಜಾಸ್ತಿಯೋ ಅದನ್ನು ಹಿಡಿಯುತ್ತಾರೆ. ಕವರ್ ಒಳಗೆ ಗಾಳಿ ತುಂಬಿ ಎತ್ತರ 8 ಆದರೆ 35 × 28 × 8, ಅಂದರೆ 1.57 ಕೆಜಿ. ತೂಕದ ಸ್ಲ್ಯಾಬ್ ದಾಟಿತು. ಗಾಳಿ ತೆಗೆದು ಎತ್ತರ 4ಕ್ಕೆ ಇಳಿಸಿದರೆ 0.78 ಕೆಜಿ.

ಇದಕ್ಕೇ ಅಂತ ಕೆಲವು ದಿನ ಮಡಚುವ ಪ್ರಯೋಗ ನಡೆಯಿತು. ವ್ಯಾಕ್ಯೂಮ್ ಕವರ್ ಹಾಕಿ ನೋಡಿದೆ. ಪಾರ್ಸೆಲ್ ಚಪ್ಪಟೆಯಾಯ್ತು, ಆದರೆ ಸುಕ್ಕು ಬಿದ್ದಿದೆ ಅಂತ ರಿಟರ್ನ್ ಜಾಸ್ತಿ ಆಯ್ತು. ಉಳಿಸಿದ 47 ರೂಪಾಯಿ ಆ ಇನ್ನೂರರ ಹೊಡೆತದಲ್ಲಿ ಹೋಯ್ತು. ಈಗ ಬೇರೆ ಥರ ಮಡಚುತ್ತೇವೆ. ಹೇಗೆ ಅನ್ನುವುದನ್ನು ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಹಳೇ 112ರ ಆರ್ಡರ್‌ಗಳಿಗೆ ಸೈಟ್‌ನವರಿಗೆ ದೂರಿನ ಟಿಕೆಟ್ ಹಾಕಿದೆ. ಬರೀ ತಕ್ಕಡಿಯ ಫೋಟೋ ಹಾಕಿದ ಟಿಕೆಟ್‌ಗಳೆಲ್ಲ ತಿರಸ್ಕೃತ ಆದವು. ಶಿಪ್ಪಿಂಗ್ ಲೇಬಲ್ ಓದುವಂತೆ ಇರಬೇಕು, ಮೂರೂ ಅಳತೆಗೆ ಟೇಪ್ ಹಿಡಿದಿರಬೇಕು, ಪಾರ್ಸೆಲ್ ಸೀಲ್ ಆಗಿರಬೇಕು. ಅಂದರೆ ಕಳಿಸುವಾಗಲೇ ಫೋಟೋ ತೆಗೆದಿಟ್ಟಿದ್ದರೆ ಮಾತ್ರ ಗೆಲುವು. ಫೋಟೋ ಇದ್ದವು ಬಹುತೇಕ ಪಾಸಾದವು. ಇಲ್ಲದವು ಹೋದವು.

ಹದಿನಾಲ್ಕು ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ತೂಕದಿಂದಲ್ಲ, ಬಾರದ ರಿಟರ್ನ್‌ನಿಂದ. ಶೀಟಿನಲ್ಲಿ 799 ಕಡಿತ ಆಗಿರುತ್ತೆ, ಮಾಲು ನಮ್ಮ ಕೈಗೆ ತಲುಪಿರುವುದೇ ಇಲ್ಲ. ನಮ್ಮಲ್ಲಿ ಕೆಲಸ ಮಾಡುವ ಹುಡುಗ ರಿಟರ್ನ್ ಇಳಿಸಿಕೊಳ್ಳುವಾಗ ಒಂದು ಪುಸ್ತಕದಲ್ಲಿ ಆರ್ಡರ್ ನಂಬರಿನ ಕೊನೆಯ ಆರು ಅಂಕಿ ಬರೆದಿಡುತ್ತಾನೆ. ಕಡಿತದ ಸಾಲುಗಳನ್ನು ಆ ಪುಸ್ತಕಕ್ಕೆ ಹಿಡಿದು ನೋಡಿದರೆ ಸಾಕು. ಇದಕ್ಕೆ ಕ್ಲೇಮ್ ಹಾಕುವ ಗಡುವು ಚಿಕ್ಕದು, ತಿಂಗಳ ಕೊನೆಗೆ ನೋಡೋಣ ಅಂತ ಕೂತರೆ ಮುಗಿದೇ ಹೋಗಿರುತ್ತೆ. ನಾನು ವಾರಕ್ಕೊಮ್ಮೆ, ಶೀಟ್ ಇಳಿಸಿದ ದಿನವೇ ನೋಡ್ತೀನಿ.

ಇಷ್ಟಾದರೂ ವಾರದ ಪೇಔಟ್ ಮತ್ತು ಬ್ಯಾಂಕ್ ಜಮೆ ಒಮ್ಮೊಮ್ಮೆ ಹೊಂದಲ್ಲ. ಎರಡು ಜಾಗ ನೋಡಿ. ಒಂದು ಜಾಹೀರಾತಿನ ಖರ್ಚು, ಅದು ಯಾವ ಆರ್ಡರ್ ನಂಬರಿಗೂ ಅಂಟಿರಲ್ಲ, ಬೇರೆ ಟ್ಯಾಬ್‌ನಲ್ಲಿ ಇರುತ್ತೆ. ಇನ್ನೊಂದು ಹಿಂದಿನ ವಾರದ ಮೈನಸ್ ಬಾಕಿ. ಸೇಲ್ ಮುಗಿದ ಮೇಲಿನ ವಾರ ರಿಟರ್ನ್‌ಗಳೇ ಜಾಸ್ತಿಯಾಗಿ ಪೇಔಟ್ ಮೈನಸ್ ಆದರೆ, ಅದನ್ನು ಮುಂದಿನ ವಾರದ ದುಡ್ಡಿನಲ್ಲಿ ಮುರಿದುಕೊಳ್ಳುತ್ತಾರೆ.

ಈಗ ಉಳಿದಿರುವುದು ಒಂದು ಹಠ. ಕೆಲವು ರಿಟರ್ನ್‌ಗಳಲ್ಲಿ ಕಮಿಷನ್ 95.88 ವಾಪಸ್ ಬಂದಿದೆ, ಅದರ ಜಿಎಸ್‌ಟಿ 17.26 ಬಂದಿಲ್ಲ. ಟಿಕೆಟ್‌ಗೆ "ಪಾಲಿಸಿ ಪ್ರಕಾರ ಸರಿ ಇದೆ" ಅಂತ ಉತ್ತರ ಬಂತು. ಅದೇ ವಾರದ ಬೇರೆ ರಿಟರ್ನ್‌ಗಳಲ್ಲಿ ಬಂದಿದೆಯಲ್ಲ ಅಂತ ನಂಬರ್ ಸಮೇತ ಮತ್ತೆ ಹಾಕಿದ್ದೀನಿ.