ಹಸು ಈ ಮಾತನ್ನು ಯಾರಿಗೆ ಹೇಳಿತು? ಸಂದರ್ಭ, ಸ್ವಾರಸ್ಯ ಬರೆಯುವ ಬಗೆ

ಕಾಫಿ ಕೊಯ್ಲು ಮುಗಿಯುತ್ತಾ ಬರುವ ಹೊತ್ತಿಗೇ ನಮ್ಮ ಕಡೆ ಮಕ್ಕಳಿಗೆ ಪರೀಕ್ಷೆ ಹತ್ತಿರ ಬರುತ್ತದೆ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಜಗಲಿಯಲ್ಲಿ ಮಕ್ಕಳು ಓದುತ್ತಿರುತ್ತಾರೆ. ಪೊನ್ನಂಪೇಟೆ ಹತ್ತಿರದ ನಮ್ಮ ಮನೆಗೆ ಸಂಜೆ ಏಳು ಮಕ್ಕಳು ಕನ್ನಡ ಹೇಳಿಸಿಕೊಳ್ಳಲು ಬರುತ್ತಾರೆ. ಮನೆಯಲ್ಲಿ ಕೆಲವರದು ಕೊಡವ ತಕ್ಕ್, ಕೆಲವರದು ಅರೆಭಾಷೆ, ಇಬ್ಬರದು ಮಲಯಾಳ. ಆದರೂ ಗಾದೆ, ಪತ್ರ, ವ್ಯಾಕರಣ ಎಲ್ಲದರಲ್ಲೂ ಚೆನ್ನಾಗಿ ಅಂಕ ತೆಗೆಯುತ್ತಾರೆ. ‘ಸಂದರ್ಭದೊಂದಿಗೆ ವಿವರಿಸಿ’ ಎಂಬ ಪ್ರಶ್ನೆ ಬಂದಾಗ ಮಾತ್ರ 3ಕ್ಕೆ ಒಂದೂವರೆ. ಪಾಠ ಗೊತ್ತಿಲ್ಲ ಅಂತ ಅಲ್ಲ. ಕಥೆ ಕೇಳಿದರೆ ಒಂದು ಎಳೆಯೂ ಬಿಡದೆ ಹೇಳುತ್ತಾರೆ. ಕೊಟ್ಟ ಸಾಲನ್ನು ನೋಡದೆ ಉತ್ತರ ಬರೆಯುತ್ತಾರೆ, ಅಷ್ಟೇ.

ಎಲ್ಲರಿಗೂ ಗೊತ್ತಿರುವ ‘ಗೋವಿನ ಹಾಡು’ ಹಿಡಿದು ಇದನ್ನು ಹೇಳುತ್ತೇನೆ. ನಾನು ಮಕ್ಕಳಿಗೆ ಕೊಟ್ಟ ಸಾಲುಗಳು ಇವು:

ಕೊಟ್ಟ ಭಾಷೆಗೆ ತಪ್ಪಲಾರೆನು
ಕೆಟ್ಟ ಯೋಚನೆ ಮಾಡಲಾರೆನು
ನಿಷ್ಠೆಯಿಂದಲಿ ಪೋಪೆನಲ್ಲಿಗೆ
ಕಟ್ಟಕಡೆಗಿದು ಖಂಡಿತ

ಹಂತ 1: ಆಯ್ಕೆ

ಸಾಲು ಎಲ್ಲಿಂದ ಬಂತು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಪಾಠದ ಹೆಸರು, ಬರೆದವರ ಹೆಸರು, ಗೊತ್ತಿದ್ದರೆ ಮೂಲ ಕೃತಿಯ ಹೆಸರು. ಮೂಲ ಕೃತಿ ನೆನಪಿಲ್ಲದಿದ್ದರೆ ಬಿಟ್ಟುಬಿಡಿ, ಊಹೆ ಮಾಡಿ ಬರೆಯಬೇಡಿ. ಪಾಠದ ಹೆಸರನ್ನೇ ಪುಸ್ತಕದ ಹೆಸರು ಎಂದು ಬರೆಯುವ ತಪ್ಪು ಬಹಳ ಕಾಣುತ್ತದೆ. ಗೋವಿನ ಹಾಡು ಜನಪದ ಕಥನಗೀತೆ. ಇಂಥ ಕಡೆ ಕವಿಯ ಹೆಸರು ಹುಡುಕುವ ಕಷ್ಟ ಬೇಡ, ‘ಜನಪದ ಕಥನಗೀತೆ’ ಎಂದರೆ ಸಾಕು.

ಹಂತ 2: ಸಂದರ್ಭ

ಇಲ್ಲಿ ನಾಲ್ಕು ವಿಷಯ ಹೇಳಬೇಕು. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವಾಗ ಹೇಳಿದರು, ಯಾವ ಮಾತಿಗೆ ಉತ್ತರವಾಗಿ ಹೇಳಿದರು. ನಾಲ್ಕನೆಯದನ್ನು ಮಕ್ಕಳು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ನನ್ನ ಪ್ರಕಾರ ಅದೇ ಮುಖ್ಯ, ಏಕೆಂದರೆ ಮುಂದೆ ಸ್ವಾರಸ್ಯ ಹುಟ್ಟುವುದು ಅಲ್ಲಿಂದಲೇ.

ಏಳು ಮಕ್ಕಳಲ್ಲಿ ಐದು ಮಂದಿ ‘ಈ ಮಾತನ್ನು ಪುಣ್ಯಕೋಟಿ ಹುಲಿಗೆ ಹೇಳಿತು’ ಎಂದು ಬರೆದಿದ್ದರು. ಯಾಕೆ ಹಾಗಾಯಿತು ಅಂತ ಗೊತ್ತಾಗುತ್ತದೆ ಅಲ್ವಾ? ಭಾಷೆ ಕೊಟ್ಟದ್ದು ಹುಲಿಗೆ, ಹಾಗಾಗಿ ಭಾಷೆಯ ಮಾತು ಬಂದಾಗಲೆಲ್ಲ ಎದುರಿಗೆ ಹುಲಿ ಇದೆ ಎಂದುಕೊಂಡರು. ಕಥೆ ಪೂರ್ತಿ ನೆನಪಿದ್ದವರೂ ಇದನ್ನೇ ಬರೆದರು.

ನಾನು ಅವರಿಗೆ ಮತ್ತೆ ಕಥೆ ಹೇಳಲಿಲ್ಲ. ಮೂರನೇ ಸಾಲಿನ ಒಂದು ಪದದ ಮೇಲೆ ಬೆರಳಿಟ್ಟೆ. ‘ಪೋಪೆನಲ್ಲಿಗೆ’. ಬಿಡಿಸಿದರೆ ‘ಪೋಪೆನು ಅಲ್ಲಿಗೆ’, ಅಂದರೆ ಅಲ್ಲಿಗೆ ಹೋಗುತ್ತೇನೆ. ಹುಲಿ ಎದುರಿಗೆ ನಿಂತಿದ್ದರೆ ‘ಅಲ್ಲಿಗೆ ಹೋಗುತ್ತೇನೆ’ ಎಂದು ಯಾರು ಹೇಳುತ್ತಾರೆ? ‘ಇಲ್ಲಿಗೆ ಬರುತ್ತೇನೆ’ ಎನ್ನಬೇಕಿತ್ತು. ಹಾಗಾದರೆ ಹಸು ನಿಂತಿರುವುದು ಹುಲಿಯ ಹತ್ತಿರ ಅಲ್ಲ, ದೊಡ್ಡಿಯಲ್ಲಿ, ಕರುವಿನ ಹತ್ತಿರ. ಒಬ್ಬ ಹುಡುಗಿ ತಕ್ಷಣ, ‘ಟೀಚರ್, ಕರು ಸಾಯಬೇಡ ಅಂತ ಹೇಳಿದ ಮೇಲೆ ಇದು ಬರುವುದು’ ಎಂದಳು. ಸರಿಯಾದ ಉತ್ತರ ಅದೇ. ನೀನು ಸಾಯುವುದೇಕೆ, ಇಲ್ಲಿಯೇ ಇದ್ದುಬಿಡು ಎಂದು ಕರು ಬೇಡಿಕೊಂಡಾಗ ತಾಯಿ ಕೊಡುವ ಉತ್ತರ ಇದು.

ಆದ್ದರಿಂದ ಸಾಲು ಸಿಕ್ಕಿದ ಕೂಡಲೇ ಪೆನ್ನು ಓಡಿಸಬೇಡಿ. ಅರ್ಧ ನಿಮಿಷ ಅದರ ಸಣ್ಣ ಪದಗಳನ್ನು ನೋಡಿ. ಅಲ್ಲಿ, ಇಲ್ಲಿ, ನೀನು, ನಾವು, ಮಗನೆ, ಹುಲಿಯೆ, ಹೋಗು, ಬಾ. ಮಾತನಾಡುವವರು ಎಲ್ಲಿ ನಿಂತಿದ್ದಾರೆ, ಎದುರಿಗೆ ಯಾರಿದ್ದಾರೆ ಎಂದು ಹೇಳುವುದು ಇವೇ. ಸಾಲಿನಲ್ಲಿ ಕ್ರಿಯಾಪದ ಹೇಗಿದೆ ಎಂದೂ ನೋಡಿ. ಇದೇ ಹಾಡಿನಲ್ಲಿ ತಾಯಿ ಕರುವಿಗೆ ವಿದಾಯ ಹೇಳುವ ಭಾಗವಿದೆ. ‘ತಬ್ಬಲಿಯು ನೀನಾದೆ ಮಗನೆ’ ಎಂದು ಶುರುವಾಗಿ ‘ತಬ್ಬಿಕೊಂಡಿತು ಕಂದನ’ ಎಂದು ಮುಗಿಯುತ್ತದೆ. ಮೊದಲಿನದು ಹಸುವಿನ ಮಾತು. ಕೊನೆಯದು ಹಸುವಿನ ಮಾತಲ್ಲ, ಕಥೆ ಹೇಳುವವರ ಮಾತು. ಒಂದೇ ಪದ್ಯದೊಳಗೆ ಮಾತನಾಡುವವರು ಬದಲಾಗಿಬಿಟ್ಟಿದ್ದಾರೆ. ಕೊನೆಯ ಸಾಲನ್ನು ಮಾತ್ರ ಕೊಟ್ಟಿದ್ದರೆ ‘ಕವಿ ಈ ಸನ್ನಿವೇಶವನ್ನು ಹೀಗೆ ವರ್ಣಿಸುತ್ತಾನೆ’ ಎಂದು ಬರೆಯಬೇಕು.

ಸಂದರ್ಭ ಎಂದರೆ ಇಡೀ ಕಥೆ ಅಲ್ಲ. ಕಾಳಿಂಗ ಗೊಲ್ಲ ಕೊಳಲೂದಿ ಹಸುಗಳನ್ನು ಕರೆದಲ್ಲಿಂದ ಶುರುಮಾಡಿ ಒಂದು ಪುಟ ತುಂಬಿಸುವವರು ಇದ್ದಾರೆ. ಸಾಲಿಗೆ ಸ್ವಲ್ಪ ಮುಂಚೆ ಏನಾಯಿತು, ಅಷ್ಟು ಸಾಕು. ಮೂರು ವಾಕ್ಯ ದಾಟಿದರೆ ನಾನು ಕೆಂಪು ಪೆನ್ನಲ್ಲಿ ಗೆರೆ ಎಳೆಯುತ್ತೇನೆ.

ಹಂತ 3: ಸ್ವಾರಸ್ಯ

ಮಕ್ಕಳು ಜಾಸ್ತಿ ಸೋಲುವುದು ಇಲ್ಲಿ. ಮೊದಲು ಗೈಡ್‌ಗಳ ವಿಷಯ ಹೇಳಿಬಿಡುತ್ತೇನೆ. ಪೇಟೆಯಲ್ಲಿ ಸಿಗುವ ಅನೇಕ ಗೈಡ್‌ಗಳಲ್ಲಿ ಸ್ವಾರಸ್ಯ ಎಂದರೆ ಒಂದೇ ಅಚ್ಚು: ‘ಸತ್ಯದ ಮಹತ್ವ ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.’ ಸತ್ಯದ ಜಾಗದಲ್ಲಿ ತ್ಯಾಗ, ದೇಶಪ್ರೇಮ, ಸ್ನೇಹ ಏನು ಹಾಕಿದರೂ ಆ ವಾಕ್ಯ ನಡೆಯುತ್ತದೆ. ಹಾಗಾಗಿ ಅದರಿಂದ ಈ ಸಾಲಿನ ಬಗ್ಗೆ ಏನೂ ತಿಳಿಯುವುದಿಲ್ಲ. ಬಾಯಿಪಾಠ ಮಾಡಿಸುವುದಾದರೆ ಪದ್ಯವನ್ನು ಮಾಡಿಸಿ, ದಯವಿಟ್ಟು ಆ ವಾಕ್ಯವನ್ನು ಬೇಡ.

ಎರಡನೇ ತಪ್ಪು, ಸಾಲನ್ನೇ ಸರಳ ಕನ್ನಡಕ್ಕೆ ಇಳಿಸಿ ಅದನ್ನೇ ಸ್ವಾರಸ್ಯ ಎನ್ನುವುದು. ‘ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಕೆಟ್ಟ ಯೋಚನೆ ಮಾಡುವುದಿಲ್ಲ ಎಂದು ಹಸು ಹೇಳುತ್ತದೆ.’ ಇದು ಅರ್ಥ. ಸ್ವಾರಸ್ಯ ಇದಲ್ಲ.

ಮೂರನೆಯದು, ಸಾಲನ್ನು ಬಿಟ್ಟು ತನ್ನ ಅನುಭವಕ್ಕೆ ಹೋಗುವುದು. ದಕ್ಷಿಣ ಕೊಡಗಿನ ಕಾಡಂಚಿನಲ್ಲಿ ಹುಲಿ ಬಂದು ಹಸು ಹಿಡಿಯುವುದು ಮಕ್ಕಳು ಪುಸ್ತಕದಲ್ಲಿ ಓದುವ ವಿಷಯವಲ್ಲ. ನಮ್ಮ ಒಬ್ಬ ಹುಡುಗನ ಮನೆಯ ಹಸುವನ್ನೇ ಹುಲಿ ಹಿಡಿದಿತ್ತು. ಅವನು ಸ್ವಾರಸ್ಯದ ಜಾಗದಲ್ಲಿ ಅರ್ಧ ಪುಟ ಅದನ್ನೇ ಬರೆದಿದ್ದ. ಓದಿ ನನ್ನ ಕಣ್ಣು ತುಂಬಿತು. ಅದನ್ನು ಪ್ರಬಂಧವಾಗಿ ಬರೆದುಕೊಂಡು ಬಾ ಎಂದೆ. ಆದರೆ ಈ ಪ್ರಶ್ನೆಗೆ ಅದರಿಂದ ಅಂಕ ಬರುವುದಿಲ್ಲ. ಪ್ರಶ್ನೆ ಕೇಳುತ್ತಿರುವುದು ಈ ನಾಲ್ಕು ಸಾಲಿನ ಬಗ್ಗೆ.

ಹಾಗಾದರೆ ಸ್ವಾರಸ್ಯ ಹುಡುಕುವುದು ಹೇಗೆ? ನಾನು ಹೇಳಿಕೊಡುವ ದಾರಿ ಒಂದೇ. ಸಾಲಿನ ಒಂದು ಪದ ಬದಲಿಸಿ ನೋಡಿ, ಏನು ಕಳೆದುಹೋಯಿತು ಎಂದು ಕೇಳಿಕೊಳ್ಳಿ.

‘ತಪ್ಪಲಾರೆನು’ ತೆಗೆದು ‘ತಪ್ಪುವುದಿಲ್ಲ’ ಎಂದು ಹಾಕೋಣ. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ‘ತಪ್ಪುವುದಿಲ್ಲ’ ಎಂದರೆ ಅದು ನಿರ್ಧಾರ. ಮನಸ್ಸು ಮಾಡಿದರೆ ಬದಲಿಸಬಹುದು. ‘ತಪ್ಪಲಾರೆ’ ಎಂದರೆ ನನ್ನಿಂದ ಆಗುವುದೇ ಇಲ್ಲ ಎಂದು. ಮಾತಿಗೆ ತಪ್ಪುವ ಶಕ್ತಿಯೇ ಈ ಹಸುವಿಗೆ ಇಲ್ಲ. ‘ಮಾಡಲಾರೆನು’ ಎಂದು ಮತ್ತೆ ಅದೇ ಬರುತ್ತದೆ. ಮಕ್ಕಳು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು.

ಈಗ ‘ಕೆಟ್ಟ ಯೋಚನೆ’. ಯಾವುದು ಆ ಕೆಟ್ಟ ಯೋಚನೆ? ಸಂದರ್ಭದ ನಾಲ್ಕನೇ ವಿಷಯ ಇಲ್ಲಿ ಕೈಹಿಡಿಯುತ್ತದೆ. ‘ಇಲ್ಲಿಯೇ ಇರು’ ಎಂದು ಹೇಳಿದ್ದು ಕರು. ಅದು ಹೇಳಿದ್ದು ಪ್ರೀತಿಯಿಂದ. ಕರುವಿನ ಪ್ರೀತಿಯ ಮಾತು ತಾಯಿಯ ನೀತಿಗೆ ಕೆಟ್ಟ ಯೋಚನೆಯಾಗಿ ಕಾಣುತ್ತಿದೆ. ಆದರೂ ಅವಳು ಕರುವನ್ನು ಬೈಯುವುದಿಲ್ಲ. ‘ನೀನು ಕೆಟ್ಟದ್ದು ಹೇಳುತ್ತಿದ್ದೀಯ’ ಎನ್ನದೆ ‘ನಾನು ಕೆಟ್ಟ ಯೋಚನೆ ಮಾಡಲಾರೆ’ ಎನ್ನುತ್ತಾಳೆ. ತಪ್ಪನ್ನು ತನ್ನ ಕಡೆಗೇ ತಿರುಗಿಸಿಕೊಂಡು ಮಾತಾಡುತ್ತಾಳೆ. ಹುಲಿಗೆ ಹೇಳಿದ್ದು ಎಂದು ಬರೆದಿದ್ದ ಐವರಿಗೆ ಇದು ಕಾಣುವ ದಾರಿಯೇ ಇರಲಿಲ್ಲ.

ಇಷ್ಟರಲ್ಲಿ ಯಾವುದಾದರೂ ಒಂದನ್ನು ಹಿಡಿದು ಮೂರ್ನಾಲ್ಕು ವಾಕ್ಯ ಬರೆದರೆ ಸಾಕು. ಎಲ್ಲವನ್ನೂ ತುರುಕಬೇಡಿ. ಒಂದನ್ನು ಪೂರ್ತಿ ಹೇಳಿದ ಉತ್ತರವೇ ನನಗೆ ಇಷ್ಟ.

ಗದ್ಯಕ್ಕೂ ಇದೇ ಕ್ರಮ. ಅಭ್ಯಾಸಕ್ಕೆ ನಾನೇ ಕಟ್ಟಿದ ವಾಕ್ಯ: ‘ಆ ಮಳೆಗಾಲ ಸೇತುವೆ ಹೋಯಿತು, ಮಾತೂ ಹೋಯಿತು.’ ತೋಡಿನ ಆಚೆ ಈಚೆ ಮನೆ ಇರುವ ಅಣ್ಣ ತಮ್ಮಂದಿರ ಕಥೆ ಎಂದುಕೊಳ್ಳಿ. ಇಲ್ಲಿ ಯಾರೂ ಯಾರಿಗೂ ಹೇಳುತ್ತಿಲ್ಲ, ಆದ್ದರಿಂದ ‘ಲೇಖಕರು ಹೇಳುತ್ತಾರೆ’ ಎನ್ನಬೇಕು. ‘ಮಾತೂ ಹೋಯಿತು’ ತೆಗೆದು ‘ಮಾತೂ ನಿಂತಿತು’ ಎಂದು ಹಾಕಿ ನೋಡಿ. ಸೇತುವೆಗೂ ಮಾತಿಗೂ ಒಂದೇ ಕ್ರಿಯಾಪದ ಇದ್ದಾಗ ಮಾತೇ ಅವರ ನಡುವಿನ ಸೇತುವೆಯಾಗಿತ್ತು ಎಂದು ಹೊಳೆಯುತ್ತದೆ. ಬದಲಿಸಿದರೆ ಅದು ಇಲ್ಲ.

ಅಳತೆ ಮತ್ತು ಸಮಯ

3 ಅಂಕದ ಪ್ರಶ್ನೆಗೆ ಎಂಟರಿಂದ ಹತ್ತು ಸಾಲು, ಐದು ನಿಮಿಷ. ‘ಆಯ್ಕೆ’, ‘ಸಂದರ್ಭ’, ‘ಸ್ವಾರಸ್ಯ’ ಎಂದು ಬದಿಯಲ್ಲಿ ಬರೆದು ಕೆಳಗೆ ಗೆರೆ ಎಳೆಯಿರಿ, ತಿದ್ದುವವರ ಕಣ್ಣಿಗೆ ಬೇಗ ಬೀಳುತ್ತದೆ. ಕೊಟ್ಟ ಸಾಲನ್ನು ಮತ್ತೆ ಪೂರ್ತಿ ನಕಲು ಮಾಡುವುದು ಬೇಡ. ಸ್ವಾರಸ್ಯದಲ್ಲಿ ಬೇಕಾದ ಪದವನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಇಡಿ.

ಕರುವಿನ ಮಾತನ್ನು ನೆನಪಿಸಿಕೊಂಡ ಆ ಹುಡುಗಿ ಮರುದಿನ ಬರೆದುಕೊಂಡು ಬಂದ ಉತ್ತರ ಇದು. ನಾನು ಕಾಗುಣಿತ ಮಾತ್ರ ತಿದ್ದಿದ್ದೇನೆ.

ಆಯ್ಕೆ: ಈ ಸಾಲುಗಳನ್ನು ‘ಗೋವಿನ ಹಾಡು’ ಎಂಬ ಜನಪದ ಕಥನಗೀತೆಯಿಂದ ಆರಿಸಲಾಗಿದೆ.

ಸಂದರ್ಭ: ಹುಲಿಗೆ ಮಾತು ಕೊಟ್ಟು, ಕರುವಿಗೆ ಹಾಲು ಕೊಡಲು ಪುಣ್ಯಕೋಟಿ ದೊಡ್ಡಿಗೆ ಬರುತ್ತದೆ. ವಿಷಯ ತಿಳಿದ ಕರು, ಸಾಯಲು ಹೋಗದೆ ಇಲ್ಲಿಯೇ ಇರು ಎಂದು ಬೇಡುತ್ತದೆ. ಆಗ ಪುಣ್ಯಕೋಟಿ ಕರುವಿಗೆ ಈ ಮಾತನ್ನು ಹೇಳುತ್ತದೆ.

ಸ್ವಾರಸ್ಯ: ಹುಲಿ ಎದುರಿಗೆ ಇಲ್ಲ. ಪುಣ್ಯಕೋಟಿ ಹೋಗದಿದ್ದರೂ ಅದನ್ನು ಹಿಡಿದು ತರುವವರು ಯಾರೂ ಇಲ್ಲ. ತಡೆಯುತ್ತಿರುವುದು ಅದರ ಸ್ವಂತ ಮಗು. ಆದರೂ ‘ತಪ್ಪುವುದಿಲ್ಲ’ ಎನ್ನದೆ ‘ತಪ್ಪಲಾರೆನು’ ಎನ್ನುತ್ತದೆ. ಮಾತು ಮುರಿಯುವುದು ತನ್ನಿಂದ ಆಗದ ಕೆಲಸ ಎಂದು ಅದು ಮಗುವಿಗೇ ಹೇಳಬೇಕಾಗಿ ಬಂದಿದೆ.

ಹಿಡಿದು ತರುವವರು ಯಾರೂ ಇಲ್ಲ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ. ‘ಅಲ್ಲಿಗೆ’ ಎಂಬ ಪದದಿಂದ ಅವಳೇ ಕಂಡುಕೊಂಡಳು. 3ಕ್ಕೆ 3 ಕೊಟ್ಟೆ.