ಸೆವೆಂತ್ ಕಾರ್ಡಿಗೆ ಕೈ ಹಾರಿಸಬ್ಯಾಡ್ರಿ

ಭಜನಿಗೆ ಕೀಬೋರ್ಡ್ ಸಾಥ್ ಕೊಡೋರಿಗೆ ಒಂದು ಮಾತು. ನಮ್ಮ ಧಾರವಾಡದಾಗ ಭಾಳ ಮಂದಿ ಹಾರ್ಮೋನಿಯಂನಿಂದನ ಬಂದವರು, ಅದಕ್ಕ ಸ್ವರದಾಗ ಹೇಳ್ತೀನಿ. ಬಿಳಿ ಒಂದನ್ನ ಸಾ ಅಂತ ಹಿಡೀರಿ.

ಒಂದು ಸ್ವರ ಬಿಟ್ಟು ಒಂದು, ಹಿಂಗ ಮೂರು ಸ್ವರ ಒಟ್ಟಿಗೆ ಒತ್ತಿದ್ರ ಸಾ-ಗ-ಪ, ಅಂದ್ರ ಸಿ ಮೇಜರ್ ಕಾರ್ಡ್. ಹಂಗ ಪಂಚಮದಿಂದ ಶುರು ಮಾಡಿದ್ರ ಪ-ನಿ-ರಿ. ಅದರ ಮ್ಯಾಲೆ ಇನ್ನೊಂದು, ಶುದ್ಧ ಮ, ಇಟ್ರ ಜಿ ಸೆವೆಂತ್. ಆದ್ರ ಸಾ-ಗ-ಪ ಬಿಟ್ಟು ಅಲ್ಲಿಗೆ ಕೈ ಹಾರಿಸಿದ್ರ ಹಾಡಿನ ನಡುವ ಧಕ್ಕಿ ಹೊಡದಂಗ ಕೇಳ್ತದ. ಅದರ ಬದಲಿ ಬಲಗೈಯಾಗ ನಿ-ರಿ-ಮ-ಪ ಹಿಡೀರಿ, ನಿ ಸಾದ ಕೆಳಗಿಂದು. ಈಗ ಪ ಇದ್ದಲ್ಲೇ ಇರ್ತದ, ತಿರುಗಿ ಬರುವಾಗ ನಿ ಅರ್ಧ ಸ್ವರ ಏರಿ ಸಾ ಆಗ್ತದ, ಮ ಅರ್ಧ ಸ್ವರ ಇಳಿದು ಗ ಆಗ್ತದ, ರಿ ಸಾಕ್ಕ ಇಳೀತದ.

ಇಲ್ಲೇ ಭಾಳ ಮಂದಿ ತಪ್ಪು ತಿಳ್ಕೋತಾರ. ಕಾರ್ಡಿನ ಮೂಲ ಸ್ವರ ಬಿಟ್ಟು ಬ್ಯಾರೆ ಸ್ವರ ಕೆಳಗ ಬಂದ್ರ ಅದಕ್ಕ ಇನ್ವರ್ಶನ್ ಅಂತಾರ. ಬಲಗೈ ಹೆಂಗರ ಇರ್ಲಿ, ಇನ್ವರ್ಶನ್ ಯಾವುದು ಅಂತ ನಿರ್ಧಾರ ಮಾಡೋದು ಎಲ್ಲಕ್ಕಿಂತ ಕೆಳಗಿನ ಸ್ವರ. ಎಡಗೈ ಪ ಒತ್ತಿದ್ರ ಅದು ಮೂಲ ಸ್ಥಿತಿಯ ಜಿ ಸೆವೆಂತ್, ಗಟ್ಟಿ ನಾದ. ಎಡಗೈ ನಿ ಒತ್ತಿದ್ರ ಮೊದಲನೇ ಇನ್ವರ್ಶನ್, ಸಾ ಕಡೆ ಎಳೀತದ.

ಸಾ-ಗ-ಪ ಕೆಳಗ ಎಡಗೈ ಪ ಇಟ್ಟು ನೋಡ್ರಿ, ಮಾತು ಅರ್ಧಕ್ಕ ನಿಂತಂಗ ಕೇಳ್ತದ. ಹಾಡು ಮುಗಿಸುವಾಗ ಅದನ್ನ ಬಳಸಬ್ಯಾಡ್ರಿ, ಎಡಗೈಗೆ ಸಾ ಕೊಡ್ರಿ.